ಗುಂಡು ಕಚ್ಚಿದವರು ಯಾರು? ಒಂದು ಫಲಕ ಬದಲಾದ ಪ್ರಕರಣ

ಹಿನ್ನೆಲೆ

ಅಕ್ಟೋಬರ್ 16 ವಿಶ್ವ ಅರಿವಳಿಕೆ ದಿನ. 1846ರಲ್ಲಿ ಅದೇ ದಿನ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಒಬ್ಬ ರೋಗಿಗೆ ಈಥರ್ ಆವಿ ಕುಡಿಸಿದ. ಸರ್ಜನ್ ಜಾನ್ ಕಾಲಿನ್ಸ್ ವಾರನ್ ಆ ರೋಗಿಯ ಕುತ್ತಿಗೆಯ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿದರು. ರೋಗಿ ಕೂಗಾಡಲಿಲ್ಲ. ಅರಿವಳಿಕೆ ವಿಭಾಗ ಇರುವ ಕಡೆಯೆಲ್ಲ ಈ ದಿನದ ನೆನಪಿಗೆ ಏನಾದರೂ ಒಂದು ಕಾರ್ಯಕ್ರಮ ನಡೆಯುತ್ತದೆ.

ನಮ್ಮ ರಾಜ್ಯದ ಒಂದು ವೈದ್ಯಕೀಯ ಕಾಲೇಜು ಆ ದಿನಕ್ಕೆ ಆಸ್ಪತ್ರೆಯ ಪಡಸಾಲೆಯಲ್ಲಿ ಕನ್ನಡ ಫಲಕಗಳ ಪ್ರದರ್ಶನ ಇಡಲು ಹೊರಟಿತ್ತು. ಆಪರೇಷನ್ ಅಂದ್ರೆ ಹೆದರುವ ರೋಗಿಗಳು, ಅವರ ಜೊತೆ ಬಂದವರು ಓದಲಿ ಎಂಬುದು ಉದ್ದೇಶ. ಫಲಕಗಳ ಕನ್ನಡ ತಿದ್ದುವ ಕೆಲಸ ನನಗೆ ಬಂತು. ಕಾಲೇಜಿನ ಹೆಸರು, ಊರು, ಅಲ್ಲಿಯ ವೈದ್ಯರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಇತಿಹಾಸದ ಸಂಗತಿಗಳು ಮಾತ್ರ ಇದ್ದಂತೆಯೇ ಇವೆ.

ಮೊದಲ ಫಲಕದ ಕರಡು ಹೀಗಿತ್ತು: "ಅರಿವಳಿಕೆ ಇಲ್ಲದ ಕಾಲದಲ್ಲಿ ಗಾಯಾಳು ಸೈನಿಕರು ಬಾಯಲ್ಲಿ ಸೀಸದ ಗುಂಡು ಕಚ್ಚಿಕೊಂಡು ಕೈಕಾಲು ಕತ್ತರಿಸಿಕೊಳ್ಳುತ್ತಿದ್ದರು. ಕಷ್ಟವನ್ನು ಗಟ್ಟಿ ಮನಸ್ಸಿನಿಂದ ಎದುರಿಸು ಎನ್ನಲು ಇಂಗ್ಲಿಷಿನವರು ಬೈಟ್ ದ ಬುಲೆಟ್ ಅನ್ನುವುದು ಇದರಿಂದಲೇ." ಇದನ್ನು ಬರೆದವರು ವಿಭಾಗದ ಒಬ್ಬ ಕಿರಿಯ ವೈದ್ಯರು. ಅವರ ಬಳಿ ಸಾಕ್ಷಿಯೂ ಇತ್ತು. ಅಮೆರಿಕದಲ್ಲಿರುವ ಅವರ ಅಣ್ಣ ಹಳೇ ಯುದ್ಧಸಾಮಗ್ರಿಗಳ ಸಂತೆಯಲ್ಲಿ ಒಂದು ಗುಂಡು ಕೊಂಡಿದ್ದರು. ಅಂತರ್ಯುದ್ಧದ ಕಾಲದ್ದು, ಮೈತುಂಬಾ ಹಲ್ಲಿನ ಗುರುತು. ಜೊತೆಗೆ ಒಂದು ಚೀಟಿ: ಶಸ್ತ್ರಚಿಕಿತ್ಸೆಯ ವೇಳೆ ಸೈನಿಕ ಕಚ್ಚಿದ ಗುಂಡು. ಗುಂಡನ್ನೇ ವಿಮಾನದಲ್ಲಿ ತರುವ ಗೋಜು ಯಾರಿಗೂ ಬೇಕಿರಲಿಲ್ಲ. ಅದರ ಫೋಟೋವನ್ನು ದೊಡ್ಡದಾಗಿ ಮಾಡಿ ಫಲಕದಲ್ಲಿ ಹಾಕುವುದೆಂದು ಮಾತಾಗಿತ್ತು.

ತೊಡಕು

ಕರಡು ಓದಿದ ವಿಭಾಗದ ಮುಖ್ಯಸ್ಥರು ಕೇಳಿದ್ದು ಇತಿಹಾಸದ ಪ್ರಶ್ನೆಯನ್ನಲ್ಲ, ತಮ್ಮ ಕಸುಬಿನ ಪ್ರಶ್ನೆಯನ್ನು.

"ಡಾಕ್ಟ್ರೇ, ಅಂಗಾತ ಮಲಗಿಸಿದ ಮನುಷ್ಯನ ಬಾಯಿಗೆ ನೀವು ಗುಂಡು ಹಾಕ್ತೀರಾ?"

ಕಿರಿಯ ವೈದ್ಯರು ನಕ್ಕರು. ಮೇಡಂ ನಗಲಿಲ್ಲ. ಬ್ರೌನ್ ಬೆಸ್ ಎಂದು ಕರೆಯುತ್ತಿದ್ದ ಬ್ರಿಟಿಷ್ ಮಸ್ಕೆಟ್ ಬಂದೂಕಿನ ಗುಂಡು ಸುಮಾರು 17 ಮಿ.ಮೀ. ಅಗಲದ ನುಣುಪಾದ ಗೋಲಿ. ಚಾಕು ತಾಕಿದ ಮನುಷ್ಯ ಮೊದಲು ಚೀರುತ್ತಾನೆ, ಆಮೇಲೆ ಎದೆತುಂಬಾ ಉಸಿರು ಎಳೆಯುತ್ತಾನೆ. ಆ ಉಸಿರಿನ ಜೊತೆ ಗೋಲಿ ಗಂಟಲಿಗೆ ಇಳಿದರೆ ಶ್ವಾಸನಾಳದ ಬಾಯಿ ಮುಚ್ಚಿಹೋಗುತ್ತದೆ. ಕಾಲು ತೆಗೆಯಲು ಹೋಗಿ ಪ್ರಾಣ ತೆಗೆದ ಹಾಗೆ. ರೋಗಿ ನಾಲಿಗೆ ಕಚ್ಚಿಕೊಳ್ಳದಂತೆ ಇವತ್ತೂ ಹಲ್ಲುಗಳ ಮಧ್ಯೆ ಬೈಟ್ ಬ್ಲಾಕ್ ಇಡುತ್ತಾರೆ. ಅದು ಮೆತ್ತಗಿರುತ್ತದೆ, ಅದರ ಒಂದು ತುದಿ ಬಾಯಿಂದ ಹೊರಗೇ ಇರುತ್ತದೆ. ಹಳೇ ಕಾಲದ ಸರ್ಜನ್‌ಗೂ ಅಷ್ಟು ಬುದ್ಧಿ ಇದ್ದೇ ಇರುತ್ತದೆ, ಪಕ್ಕದಲ್ಲಿ ಚರ್ಮದ ಬೆಲ್ಟೋ ಮರದ ತುಂಡೋ ಬಿದ್ದಿರುವಾಗ ಅವನು ಗೋಲಿ ಯಾಕೆ ಹುಡುಕ್ತಾನೆ? ಇದು ಮೇಡಂ ವಾದ.

ವಾದ ಚೆನ್ನಾಗಿತ್ತು. ಆದರೆ ಹೀಗೆ ಮಾಡುವುದು ಅಪಾಯ ಎಂದಮಾತ್ರಕ್ಕೆ ಯಾರೂ ಮಾಡಿರಲಿಲ್ಲ ಎಂದು ಹೇಳಲು ಆಗುವುದಿಲ್ಲ. ಅಪಾಯದ ಪದ್ಧತಿಗಳಿಗೆ ವೈದ್ಯಕೀಯದ ಇತಿಹಾಸದಲ್ಲಿ ಬರಗಾಲವೇನಿಲ್ಲ. ಹಾಗಾಗಿ ಫಲಕವನ್ನು ತಕ್ಷಣ ತೆಗೆಯಲಿಲ್ಲ. ಮುದ್ರಣಕ್ಕೆ ಹೋಗುವ ಮುಂಚೆ ಎರಡು ವಿಷಯ ನೋಡುವುದೆಂದು ಗೊತ್ತುಮಾಡಿದೆವು: ಗುಂಡು ಏನು ಹೇಳುತ್ತದೆ, ಮಾತು ಎಲ್ಲಿಂದ ಬಂತು.

ಗುಂಡು ಹೇಳಿದ್ದು

ಅಮೆರಿಕದ ಅಣ್ಣ ಕಳಿಸಿದ ಫೋಟೋಗಳಲ್ಲಿ ಪಕ್ಕಕ್ಕೆ ಸ್ಕೇಲ್ ಇಟ್ಟಿದ್ದರು. ಗುಂಡು ದುಂಡಗಿರಲಿಲ್ಲ. ಒಂದು ಕಡೆ ಮೊನೆ, ಇನ್ನೊಂದು ಕಡೆ ತಳ, ತಳದಲ್ಲಿ ಟೊಳ್ಳು. ಅಗಿದು ಜಜ್ಜಿಹೋಗಿದ್ದರೂ ಸೊಂಟದ ಸುತ್ತ ಮೂರು ಗೆರೆಗಳು ಅಲ್ಲಲ್ಲಿ ಉಳಿದಿದ್ದವು. ಇದು ಮಿನಿಯೇ ಜಾತಿಯ ಗುಂಡು. ಗುಂಡು ಹಾರಿದಾಗ ಸಿಡಿಮದ್ದಿನ ಒತ್ತಡಕ್ಕೆ ಟೊಳ್ಳು ತಳ ಅಗಲವಾಗಿ ನಳಿಗೆಯ ಗೀರುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಅದಕ್ಕೇ ಅದು ದೂರಕ್ಕೆ ಗುರಿಯಿಟ್ಟು ಹೊಡೆಯುತ್ತಿತ್ತು.

ಈ ಆಕಾರವೇ ಮೊದಲ ತಿರುವು. ಮೂರು ಗೆರೆಯ ಈ ಮಾದರಿಯನ್ನು ಅಮೆರಿಕದ ಸೇನೆ ಒಪ್ಪಿಕೊಂಡದ್ದು 1855ರಲ್ಲಿ. ಈಥರ್ ಬಂದದ್ದು 1846ರಲ್ಲಿ. ಎಡಿನ್‌ಬರೋದಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರಂ ಬಳಸಿದ್ದು 1847ರಲ್ಲಿ. ಅಂದರೆ "ಅರಿವಳಿಕೆ ಇಲ್ಲದ ಕಾಲದ" ಸಾಕ್ಷಿ ಎಂದು ತಂದ ಗುಂಡು ಅರಿವಳಿಕೆಗಿಂತ ಈಚಿನದು! ಚೀಟಿ ಬರೆದವನಿಗೆ ಇದು ಹೊಳೆದಿರಲಿಲ್ಲ. ಹೊಳೆದಿದ್ದರೆ ಮಾರಾಟ ಕಷ್ಟವಾಗುತ್ತಿತ್ತು.

ಕಿರಿಯ ವೈದ್ಯರು ಇಲ್ಲಿ ಒಂದು ನ್ಯಾಯವಾದ ತಕರಾರು ತೆಗೆದರು. ಔಷಧಿ ಕಂಡುಹಿಡಿದರೆ ಸಾಕೇ, ಯುದ್ಧಭೂಮಿಗೆ ತಲುಪಬೇಕಲ್ಲ? ಸರಿ, ಅದನ್ನೂ ನೋಡಿದೆವು. 1861ರಿಂದ 1865ರವರೆಗೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಆ ಅಂತರ್ಯುದ್ಧದ ವೈದ್ಯಕೀಯ ದಾಖಲೆಗಳನ್ನು ಅಮೆರಿಕ ಸರ್ಕಾರವೇ ದೊಡ್ಡ ಸಂಪುಟಗಳಲ್ಲಿ ಪ್ರಕಟಿಸಿದೆ. ಉತ್ತರದ ಸೇನೆಯೊಂದರಲ್ಲೇ 80,000ಕ್ಕೂ ಹೆಚ್ಚು ಸಲ ಅರಿವಳಿಕೆ ಕೊಟ್ಟಿದ್ದಾರೆ ಎಂಬ ಲೆಕ್ಕ ಅದರಲ್ಲಿದೆ. ಹೆಚ್ಚು ಸಲ ಕೊಟ್ಟದ್ದು ಕ್ಲೋರೋಫಾರಂ. ಈಥರ್‌ಗೆ ಬೇಗ ಬೆಂಕಿ ಹತ್ತುತ್ತದೆ, ಜಾಸ್ತಿ ಬೇಕಾಗುತ್ತದೆ. ಕ್ಲೋರೋಫಾರಂ ಚಿಕ್ಕ ಸೀಸೆಯಲ್ಲಿ ಹಿಡಿಸುತ್ತದೆ, ಬೇಗ ಮಲಗಿಸುತ್ತದೆ. ಔಷಧಿಗೆ ಪರದಾಡುತ್ತಿದ್ದ ದಕ್ಷಿಣದ ಕಡೆಯಲ್ಲೂ ಅದು ಇತ್ತು. ಅವರ ಜನರಲ್ ಸ್ಟೋನ್‌ವಾಲ್ ಜಾಕ್ಸನ್‌ನ ಎಡಗೈಯನ್ನು 1863ರ ಮೇ ತಿಂಗಳಲ್ಲಿ ಕತ್ತರಿಸಿದ್ದು ಕ್ಲೋರೋಫಾರಂ ಕೊಟ್ಟೇ. ಔಷಧಿ ಸಿಗದೆ ಹಾಗೇ ಕತ್ತರಿಸಿದ ಉದಾಹರಣೆಗಳಿಲ್ಲ ಎಂದಲ್ಲ. ಆದರೆ ಅದು ಅಪರೂಪ, ಕತೆ ಹೇಳುವಂತೆ ಎಲ್ಲರ ಪಾಡು ಅಲ್ಲ.

ಹಾಗಾದರೆ ಅಷ್ಟು ಜನ ಸೈನಿಕರು "ಪ್ರಜ್ಞೆ ಇರುವಾಗಲೇ ಕೊಯ್ದರು" ಎಂದು ಯಾಕೆ ನಂಬಿದರು? ಇದಕ್ಕೆ ಮೇಡಂ ಬಳಿ ಉತ್ತರ ಇತ್ತು, ಅದು ನನಗೆ ಈ ಇಡೀ ಪ್ರಕರಣದಲ್ಲಿ ಬಹಳ ಹಿಡಿಸಿದ ಭಾಗ. ಆಗ ಕ್ಲೋರೋಫಾರಂ ಕೊಡುತ್ತಿದ್ದದ್ದು ಮಡಿಚಿದ ಬಟ್ಟೆಯ ಮೇಲೋ ಬಟ್ಟೆಯ ಕೊಳವೆಯೊಳಗೋ ಹನಿ ಹಾಕಿ. ಬಟ್ಟೆಯನ್ನು ಮುಖಕ್ಕೆ ಒತ್ತುವುದಿಲ್ಲ, ಗಾಳಿ ಬೆರೆಯಲಿ ಎಂದು ಸ್ವಲ್ಪ ಎತ್ತರದಲ್ಲಿ ಹಿಡಿಯುತ್ತಾರೆ. ಮನುಷ್ಯ ನೇರವಾಗಿ ನಿದ್ದೆಗೆ ಜಾರುವುದಿಲ್ಲ. ನಡುವೆ ಒಂದು ಉದ್ರೇಕದ ಹಂತ ಬರುತ್ತದೆ. ಕೈಕಾಲು ಬಡಿಯುತ್ತಾನೆ, ಬೈಯುತ್ತಾನೆ, ಹಾಡುವವರೂ ಇದ್ದರು. ನಾಲ್ಕು ಜನ ಅದುಮಿ ಹಿಡಿಯಬೇಕು. ಎದ್ದ ಮೇಲೆ ಅವನಿಗೆ ಇದು ಯಾವುದೂ ನೆನಪಿರುವುದಿಲ್ಲ. ಸಾಲದ್ದಕ್ಕೆ ಎಷ್ಟೋ ಶಸ್ತ್ರಚಿಕಿತ್ಸೆಗಳು ಬೆಳಕಿಗಾಗಿ ಬಯಲಲ್ಲೇ ನಡೆಯುತ್ತಿದ್ದವು. ಹೊರಗೆ ಸರದಿಗೆ ಕಾಯುತ್ತಾ ಮಲಗಿದವನ ಕಣ್ಣಿಗೆ ಬೀಳುವುದು ಇಷ್ಟೇ: ಒಬ್ಬ ಒದ್ದಾಡುತ್ತಾ ಕೂಗುತ್ತಿದ್ದಾನೆ, ನಾಲ್ವರು ಹಿಡಿದಿದ್ದಾರೆ, ಒಬ್ಬನ ಕೈಯಲ್ಲಿ ಗರಗಸ. ಅವನು ಊರಿಗೆ ಹೋಗಿ ಏನು ಹೇಳ್ತಾನೆ ಅಂತ ಬೇರೆ ಹೇಳಬೇಕಾ?

ಇನ್ನು ಹಲ್ಲಿನ ಗುರುತು. ಅಣ್ಣನ ಹೆಂಡತಿ ಅಲ್ಲಿ ದಂತವೈದ್ಯೆ. ಮೈದುನ ಕೇಳಿಕೊಂಡ ಮೇಲೆ ಅವರು ಗುಂಡಿನ ಮೇಲೆ ಸಿಲಿಕಾನ್ ಪುಟ್ಟಿ ಒತ್ತಿ ಅಚ್ಚು ತೆಗೆದರು. ಹಲ್ಲು ಕಟ್ಟುವಾಗ ಬಾಯಿಯ ಅಳತೆಗೆ ತೆಗೆಯುತ್ತಾರಲ್ಲ, ಅದೇ ಪುಟ್ಟಿ. ಅಚ್ಚಿನಲ್ಲಿ ಕುಳಿಗಳೆಲ್ಲ ಉಬ್ಬುಗಳಾಗಿ ಮೂಡಿದವು, ಭೂತಗನ್ನಡಿಯಲ್ಲಿ ನೋಡಲು ಅನುಕೂಲವಾಯಿತು. ಅವರು ನೋಡಿದ್ದು ಎರಡು ವಿಷಯ. ಒಂದು, ಗುರುತುಗಳ ಜಾಗ. ನೋವಿಗೆ ಅವುಡುಗಚ್ಚಿದವನ ಮೇಲಿನ ಹಲ್ಲು, ಕೆಳಗಿನ ಹಲ್ಲು ಎದುರುಬದುರು ಕೂತು ಒಂದೆರಡು ಕಡೆ ಕುಳಿ ಬೀಳಬೇಕು. ಇಲ್ಲಿ ಹಾಗಿರಲಿಲ್ಲ. ಗುಂಡು ಬಾಯಲ್ಲಿ ಹೊರಳುತ್ತಾ ಮತ್ತೆ ಮತ್ತೆ ಅಗಿಯಲ್ಪಟ್ಟಿತ್ತು, ಕುಳಿಯ ಮೇಲೆ ಕುಳಿ ಬಿದ್ದಿತ್ತು, ಟೊಳ್ಳು ತಳ ಪೂರ್ತಿ ಮಡಿಚಿಹೋಗಿತ್ತು. ಎರಡು, ಬಲ. ಸೀಸ ಮೆತ್ತಗಿರುವುದು ನಿಜ, ಮನುಷ್ಯನ ದವಡೆಹಲ್ಲಿಗೆ ಅದರಲ್ಲಿ ತಗ್ಗು ಬೀಳುತ್ತದೆ. ಆದರೆ ಗಟ್ಟಿಸೀಸದ ಗುಂಡನ್ನು ಇಷ್ಟು ಚಪ್ಪಟೆ ಮಾಡುವವನ ಹಲ್ಲೇ ಮೊದಲು ಸೀಳುತ್ತದೆ.

"ಇದು ಹಂದಿ ಇರಬೇಕು," ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು.

ಕಿರಿಯ ವೈದ್ಯರ ಮುಖ ನೋಡಬೇಕಿತ್ತು. ಆದರೆ ಇದು ಹೊಸ ವಿಷಯವೇನಲ್ಲ. ಯುದ್ಧಭೂಮಿಗಳ ಗುಂಡು ಅಧ್ಯಯನ ಮಾಡುವ ಪುರಾತತ್ವಜ್ಞರಿಗೆ ಇದು ಮೊದಲಿಂದ ಗೊತ್ತು. ಸೈನ್ಯ ಎದ್ದುಹೋದ ಬಯಲಿನಲ್ಲಿ ಹಂದಿಗಳು ಮೂತಿಯಿಂದ ನೆಲ ಅಗೆಯುತ್ತವೆ, ಬೇರಿನ ಜೊತೆ ಸಿಕ್ಕಿದ ಸೀಸವನ್ನೂ ಅಗಿದು ಉಗಿಯುತ್ತವೆ. ಹಂದಿಯ ದವಡೆಹಲ್ಲಿಗೂ ಮನುಷ್ಯನ ಹಲ್ಲಿನ ಹಾಗೇ ಗುಂಡನೆಯ ದಿಬ್ಬಗಳಿವೆ, ಅದಕ್ಕೇ ಕಣ್ಣಿಗೆ ಮೋಸ. ಇಲಿ, ಹೆಗ್ಗಣಗಳು ಕೆರೆದ ಗುಂಡುಗಳೂ ಸಿಕ್ಕಿವೆ, ಅವುಗಳ ಮೇಲೆ ಜೋಡಿ ಗೀರುಗಳಿರುತ್ತವೆ.

ಮನುಷ್ಯರೇ ಅಗಿದ ಗುಂಡುಗಳೂ ಇವೆ. ಅವೂ ಶಸ್ತ್ರಚಿಕಿತ್ಸೆಗೆ ಸಾಕ್ಷಿಯಾಗುವುದಿಲ್ಲ. ಬಾಯಿ ಒಣಗಿದಾಗ ಜೊಲ್ಲು ಬರಲಿ ಎಂದು ಸೈನಿಕರು ಗುಂಡು ಚೀಪುತ್ತಿದ್ದರು. ಹಳೇ ಮಸ್ಕೆಟ್ ಸೈನಿಕರು ಬೇಗ ತುಂಬಲು ಅನುಕೂಲವಾಗಲಿ ಎಂದು ಗುಂಡುಗಳನ್ನು ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದದ್ದೂ ಉಂಟು. ಅದಕ್ಕೇ ಗುಂಡು ಆಸ್ಪತ್ರೆ ಇದ್ದ ಜಾಗದಲ್ಲಿ ಸಿಕ್ಕಿತೋ, ಬೀಡಿನ ಅಡುಗೆ ಜಾಗದಲ್ಲಿ ಸಿಕ್ಕಿತೋ ಎಂಬುದು ಹಲ್ಲಿನ ಗುರುತಿಗಿಂತ ಮುಖ್ಯ. ಸಂತೆಯಲ್ಲಿ ಕೊಂಡ ಗುಂಡಿಗೆ ಆ ವಿಳಾಸವೇ ಇರುವುದಿಲ್ಲ.

ಮಾತು ಎಲ್ಲಿಂದ ಬಂತು

ಗುಂಡು ಬಿದ್ದುಹೋಯಿತು. ಅಷ್ಟಕ್ಕೇ ಮಾತಿನ ಹುಟ್ಟಿನ ಕತೆಯೂ ಬಿದ್ದಂತಲ್ಲ. 1846ಕ್ಕಿಂತ ಹಿಂದಿನ ಯುದ್ಧಗಳಲ್ಲಿ ಪದ್ಧತಿ ಇದ್ದಿರಬಹುದಲ್ಲ?

ಆ ಕಾಲದವರು ಬರೆದಿಟ್ಟದ್ದು ಬೇಕಾದಷ್ಟಿದೆ. 1815ರ ವಾಟರ್‌ಲೂ ಕದನದಲ್ಲಿ ಬ್ರಿಟಿಷ್ ಸೇನಾಧಿಕಾರಿ ಫಿಟ್ಜ್‌ರಾಯ್ ಸಾಮರ್ಸೆಟ್‌ನ ಬಲಗೈ ಕತ್ತರಿಸಿದರು. ಅವನು ಸದ್ದೇ ಮಾಡಲಿಲ್ಲವಂತೆ. ಕೈಯನ್ನು ಆಚೆ ಎಸೆದಾಗ ಮಾತ್ರ, ಅದನ್ನು ತನ್ನಿ, ಹೆಂಡತಿ ಕೊಟ್ಟ ಉಂಗುರ ಅದರಲ್ಲಿದೆ ಎಂದನಂತೆ. 1811ರಲ್ಲಿ ಪ್ಯಾರಿಸ್ಸಿನಲ್ಲಿ ಕಾದಂಬರಿಕಾರ್ತಿ ಫ್ಯಾನಿ ಬರ್ನಿಗೆ ಸ್ತನದ ಶಸ್ತ್ರಚಿಕಿತ್ಸೆ ಆಯಿತು. ಶಸ್ತ್ರವೈದ್ಯರಲ್ಲಿ ನೆಪೋಲಿಯನ್ನನ ಸೇನೆಯ ಹೆಸರಾಂತ ಸರ್ಜನ್ ಲಾರ್ರೆ ಇದ್ದ. ಆಕೆ ಅಕ್ಕನಿಗೆ ಬರೆದ ಉದ್ದನೆಯ ಪತ್ರದಲ್ಲಿ ಮುಖಕ್ಕೆ ಹೊದಿಸಿದ ತೆಳು ಕರ್ಚೀಫು, ಅದರೊಳಗಿಂದ ಕಂಡ ಉಕ್ಕಿನ ಹೊಳಪು, ಕೊಯ್ಯುವಷ್ಟು ಹೊತ್ತೂ ತಾನು ಚೀರಿದ್ದು ಎಲ್ಲವೂ ಇದೆ. ಕುಡಿಸಿದ ಮದ್ಯದ ವಿಷಯವೂ ಇದೆ. ಗುಂಡು ಇಲ್ಲ. ಯುದ್ಧಭೂಮಿಯ ಸರ್ಜನ್ ಹತ್ತಿರ ಇದ್ದದ್ದು ಬ್ರಾಂಡಿ, ಅಫೀಮು, ಕೈಯ ವೇಗ. ಅವನ ಪೆಟ್ಟಿಗೆಯಲ್ಲಿ ಗುಂಡು ಸಿಗುವುದು ರೋಗಿಯ ಮೈಯಿಂದ ಹೊರತೆಗೆದ ಮೇಲೆ.

ಗುಂಡು ಕಚ್ಚುವ ಮಾತು ನಿಜವಾಗಿ ಸಿಗುವುದು ಬೇರೆ ಜಾಗದಲ್ಲಿ. ಫ್ರಾನ್ಸಿಸ್ ಗ್ರೋಸ್ ಎಂಬ ಇಂಗ್ಲಿಷಿನವ ಬೀದಿಮಾತುಗಳ ಒಂದು ನಿಘಂಟು ಮಾಡಿದ್ದ. ಅವನು ಸ್ವತಃ ಸೈನ್ಯದಲ್ಲಿದ್ದವನು. ಆ ನಿಘಂಟಿನ 1796ರ ಆವೃತ್ತಿಯಲ್ಲಿ "ನೈಟಿಂಗೇಲ್" ಎಂಬ ಪದವಿದೆ. ಅದು ಹಾಡುವ ಹಕ್ಕಿಯ ಹೆಸರು, ಸೈನಿಕರ ಬಾಯಲ್ಲಿ ಬೈಗುಳ. ಚಾಟಿಯೇಟು ತಿನ್ನುವಾಗ ಕೂಗಿಕೊಳ್ಳುವವನೇ ನೈಟಿಂಗೇಲ್. ಗ್ರೋಸ್ ಹೇಳುವಂತೆ ಕೆಲವು ಪಡೆಗಳ ಗ್ರೆನೇಡಿಯರ್ ಎಂಬ ಆಯ್ದ ಸೈನಿಕರಿಗೆ ಒಂಬತ್ತು ಬಾಲದ ಚಾಟಿಯ ಕೆಳಗೆ ಬಾಯಿಬಿಡದೆ ಇರುವುದು ಮರ್ಯಾದೆಯ ಪ್ರಶ್ನೆ. ಅದಕ್ಕಾಗಿ ಅವರು ಗುಂಡು ಅಗಿಯುತ್ತಾರೆ.

ಎರಡನೇ ತಿರುವು ಇದು. ಇಲ್ಲಿ ಸರ್ಜನ್ ಇಲ್ಲ, ಮೇಜೂ ಇಲ್ಲ. ಈಟಿಕೊಡಲಿಗಳನ್ನು ಮುಕ್ಕಾಲಿಯಂತೆ ನಿಲ್ಲಿಸಿ ಮನುಷ್ಯನನ್ನು ಅದಕ್ಕೆ ಕಟ್ಟುತ್ತಿದ್ದರು. ಇಡೀ ಪಡೆ ಸುತ್ತ ನಿಂತು ನೋಡಬೇಕು. ಏಟು ಹಾಕುವವರು ಡೋಲು ಬಾರಿಸುವ ಹುಡುಗರು. ಕಟ್ಟಿಸಿಕೊಂಡವನು ನಿಂತೇ ಇರುತ್ತಾನೆ, ತಲೆ ಮುಂದಕ್ಕೆ ಬಾಗಿರುತ್ತದೆ. ಅಂದರೆ ಮೇಡಂ ಹೇಳಿದ ಗಂಟಲಿನ ಅಪಾಯ ಇಲ್ಲಿ ಬಹಳ ಕಡಿಮೆ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಬ್ರಿಟಿಷ್ ಪಡೆಗಳೂ ಇದೇ ಚಾಟಿಯ ಕಾನೂನಿನ ಕೆಳಗಿದ್ದವು. ಬ್ರಿಟಿಷ್ ಸೇನೆಯಲ್ಲಿ ಚಾಟಿ ನಿಂತದ್ದು 1881ರಲ್ಲಿ.

ನನಗೆ ಹೆಚ್ಚು ಮುಖ್ಯ ಅನಿಸಿದ್ದು ಗುಂಡಿನ ಕೆಲಸ ಇಲ್ಲಿ ಬೇರೆಯಾಗಿರುವುದು. ಆಸ್ಪತ್ರೆಯ ಕತೆಯಲ್ಲಿ ಗುಂಡು ಇರುವುದು ನೋವು ತಡೆಯಲು. ಗ್ರೋಸ್‌ನಲ್ಲಿ ಅದು ಇರುವುದು ಜೊತೆಗಾರರ ಎದುರು ಬಾಯಿಂದ ಸದ್ದು ಹೊರಡದಿರಲು. ಮೇಜಿನ ಮೇಲೆ ಕಾಲು ಕತ್ತರಿಸಿಕೊಳ್ಳುವವನು ಕೂಗಿದರೆ ಯಾರೂ ನಗುತ್ತಿರಲಿಲ್ಲ. 1854ರ ಕ್ರಿಮಿಯಾ ಯುದ್ಧದ ಹೊತ್ತಿಗೆ ಬ್ರಿಟಿಷ್ ಸೇನೆಯ ಮುಖ್ಯ ವೈದ್ಯಾಧಿಕಾರಿ ಜಾನ್ ಹಾಲ್ ಕ್ಲೋರೋಫಾರಂ ಬಗ್ಗೆ ಎಚ್ಚರಿಸುತ್ತಾ, ಮನುಷ್ಯ ಸದ್ದಿಲ್ಲದೆ ಗೋರಿಗಿಳಿಯುವುದಕ್ಕಿಂತ ಜೋರಾಗಿ ಅರಚುವುದೇ ವಾಸಿ ಎಂಬ ಅರ್ಥದಲ್ಲಿ ಬರೆದಿದ್ದ. ಸರ್ಜನ್‌ಗೆ ಕೂಗು ಬದುಕಿನ ಲಕ್ಷಣ. ಚಾಟಿಯ ಅಂಗಳದಲ್ಲಿ ಅದೇ ಕೂಗು ಮಾನ ಕಳೆಯುತ್ತಿತ್ತು.

ಮುಂದಿನ ಕೊಂಡಿ ರಡ್ಯಾರ್ಡ್ ಕಿಪ್ಲಿಂಗ್. ಮುಂಬೈಯಲ್ಲಿ ಹುಟ್ಟಿದವ, ಲಾಹೋರಿನಲ್ಲಿ ಪತ್ರಕರ್ತನಾಗಿದ್ದವ, ಬ್ರಿಟಿಷ್ ಸಿಪಾಯಿಗಳ ಮಾತನ್ನು ಹತ್ತಿರದಿಂದ ಕೇಳಿದವ. ಅವನ "ದ ಲೈಟ್ ದಟ್ ಫೇಲ್ಡ್" ಕಾದಂಬರಿ 1891ರದ್ದು. ಅದರಲ್ಲಿ ಕಣ್ಣು ಕಳೆದುಕೊಂಡ ಚಿತ್ರಕಾರನಿಗೆ ಗೆಳೆಯ ಹೇಳುತ್ತಾನೆ: ಗುಂಡು ಕಚ್ಚಪ್ಪಾ, ನೀನು ಹೆದರಿದ್ದೀಯ ಅಂತ ಅವರಿಗೆ ಅನ್ನಿಸಬಾರದು. ಬಾಯಲ್ಲಿ ನಿಜವಾದ ಗುಂಡಿಲ್ಲ, ಈಗ ಅದು ಬರೀ ಮಾತು. ಆದರೆ ಸುತ್ತ ನೋಡುವವರು ಇನ್ನೂ ಇದ್ದಾರೆ. ಈ ಸಾಲು ಓದಿದ ಮೇಲೆ ಪ್ರದರ್ಶನದ ಸಮಿತಿಯಲ್ಲಿ ಆಸ್ಪತ್ರೆಯ ಕತೆಯ ಪರ ಇದ್ದವರು ಸುಮ್ಮನಾದರು.

ಇತಿಹಾಸದ ಮೇಷ್ಟ್ರೊಬ್ಬರು ಮಾತ್ರ 1857ರ ತೋಟಾ ಕಡೆ ಕೈ ತೋರಿಸಿದರು. ಸಿಪಾಯಿಗಳು ಕೊಬ್ಬು ಸವರಿದ ತೋಟಾ ಕಚ್ಚಬೇಕಿತ್ತಲ್ಲ, ಮಾತು ಅಲ್ಲಿಂದಲೇ ಬಂದಿರಬೇಕು ಎಂದರು. ಕೇಳಲು ಚೆನ್ನಾಗಿದೆ. ಆದರೆ ಗ್ರೋಸ್ ಅದಕ್ಕೆ ಅರವತ್ತು ವರ್ಷ ಹಿಂದಿನವನು. ಅಲ್ಲದೆ ಅವರ ಎನ್‌ಫೀಲ್ಡ್ ಬಂದೂಕಿನ ತೋಟಾದಲ್ಲಿ ಹಲ್ಲು ಹಾಕಿ ಹರಿಯುವುದು ಮದ್ದು ಇರುವ ಕಡೆಯ ಕಾಗದದ ತುದಿಯನ್ನು. ಗುಂಡು ಇರುವುದು ಇನ್ನೊಂದು ತುದಿಯಲ್ಲಿ.

ಆದದ್ದು ಏನು

ಫಲಕ ತೆಗೆಯಬೇಕೋ ತಿದ್ದಬೇಕೋ ಎಂಬುದರ ಮೇಲೆ ಒಂದಿಷ್ಟು ಎಳೆದಾಟ ನಡೆಯಿತು. ಪೂರ್ತಿ ತೆಗೆಯುವುದು ಸುಲಭ. ಆದರೆ ಆ ಕತೆ ಅರ್ಧ ಜನಕ್ಕೆ ಮೊದಲೇ ಗೊತ್ತು, ಸಿನಿಮಾಗಳಲ್ಲಿ ನೋಡಿದ್ದಾರೆ. ನಾವು ಹೇಳದಿದ್ದರೆ ಅವರೇ ಪಕ್ಕದವರಿಗೆ ಹೇಳುತ್ತಾರೆ. ಹಾಗಾಗಿ ಹಂದಿ ಅಗಿದ ಗುಂಡಿನ ಫೋಟೋ ಉಳಿಯಿತು. ಅದನ್ನು "ಅರಿವಳಿಕೆ ಇಲ್ಲದ ಕಾಲ" ಎಂಬ ಮೊದಲ ಫಲಕದಿಂದ ತೆಗೆದು, ಕ್ಲೋರೋಫಾರಂ ಫಲಕಕ್ಕೆ ಹಾಕಿದೆವು. ಮೊದಲ ಫಲಕಕ್ಕೆ ಬರ್ನಿಯ ಕರ್ಚೀಫು ಬಂತು.

ಕರಡಿನ "ಇದರಿಂದಲೇ" ಎಂಬ ಪದ ಹೋಯಿತು. ಇಂಥ ಹುಟ್ಟಿನ ಕತೆಗಳನ್ನು ತಿದ್ದುವಾಗ ನಾನು ಈಗ ಮೊದಲು ನೋಡುವುದು ಆ ಪದವನ್ನೇ. ಪದ್ಧತಿ ಇತ್ತೇ ಎಂಬುದು ಒಂದು ಪ್ರಶ್ನೆ, ಮಾತು ಆ ಪದ್ಧತಿಯಿಂದ ಬಂತೇ ಎಂಬುದು ಇನ್ನೊಂದು. ಒಂದಕ್ಕೆ ಸಾಕ್ಷಿ ತಂದು ಎರಡಕ್ಕೂ ಸಾಲುತ್ತದೆ ಎಂದುಕೊಳ್ಳುವುದರಿಂದಲೇ ಕರಡು ದಾರಿ ತಪ್ಪಿತ್ತು. ಗುಂಡು ನಿಜವಾಗಿ ಸೈನಿಕನೇ ಕಚ್ಚಿದ್ದಾಗಿದ್ದರೂ ಮಾತಿನ ಹುಟ್ಟಿನ ಬಗ್ಗೆ ಅದು ಏನನ್ನೂ ಹೇಳುತ್ತಿರಲಿಲ್ಲ.

ಪ್ರದರ್ಶನದ ದಿನ ಒಬ್ಬ ವಿದ್ಯಾರ್ಥಿನಿ ಹ್ಯಾರಿಯೆಟ್ ಟಬ್‌ಮನ್ ಹೆಸರು ತೆಗೆದಳು. ಗುಲಾಮಗಿರಿಯಿಂದ ಜನರನ್ನು ಬಿಡಿಸಿದ ಈ ಮಹಿಳೆ 1890ರ ದಶಕದ ಕೊನೆಯಲ್ಲಿ, ಅದೂ ಈಥರ್ ಹುಟ್ಟಿದ ಬಾಸ್ಟನ್ನಿನಲ್ಲೇ, ತಲೆಯ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಬೇಡವೆಂದು ಗುಂಡು ಕಚ್ಚಿಕೊಂಡರು, ಯುದ್ಧದಲ್ಲಿ ಸೈನಿಕರು ಹಾಗೆ ಮಾಡುವುದನ್ನು ತಾವು ಕಂಡಿದ್ದರು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಒಳ್ಳೆಯ ಪ್ರಶ್ನೆ. ಮೇಡಂ ಅವಳನ್ನು ಕ್ಲೋರೋಫಾರಂ ಫಲಕದ ಹತ್ತಿರ ಕರೆದೊಯ್ದರು. ಯಾರೋ ಕೆಲವರು ಕಚ್ಚಿರಬಹುದು, ನಾವು ಇಲ್ಲ ಅನ್ನುತ್ತಿಲ್ಲ ಎಂದರು. ಆದರೆ ಆ ಹೊತ್ತಿಗೆ ಗ್ರೋಸ್‌ನ ನಿಘಂಟು ಬಂದು ನೂರು ವರ್ಷವಾಗಿತ್ತು, ಕಿಪ್ಲಿಂಗ್‌ನ ಕಾದಂಬರಿಯೂ ಬಂದಾಗಿತ್ತು. ಮುಂದಿನ ಮುದ್ರಣದಲ್ಲಿ ಟಬ್‌ಮನ್ ಬಗ್ಗೆ ಒಂದು ಸಾಲು ಸೇರಿಸುವುದೆಂದು ಅಲ್ಲೇ ಒಪ್ಪಿಕೊಂಡರು. ಆ ಸಾಲನ್ನು ಬರೆಯಲು ಕೂತದ್ದು ಅದೇ ಕಿರಿಯ ವೈದ್ಯರು.